ರೀಲ್‌ಗೆ ಒಪ್ಪುವ ದನಿ, ಒಪ್ಪುವ ಹ್ಯಾಶ್‌ಟ್ಯಾಗ್

1999ರಲ್ಲಿ ತೆರೆಗೆ ಬಂದ ‘ಉಪೇಂದ್ರ’ ಚಿತ್ರದಲ್ಲಿ ‘ಏನಿಲ್ಲ ಏನಿಲ್ಲ’ ಎಂಬ ಹಾಡಿದೆ. ಸಂಗೀತ ಗುರುಕಿರಣ್ ಅವರದು. ಚಿತ್ರ ಬಂದು ಸುಮಾರು 25 ವರ್ಷ ಕಳೆದ ಮೇಲೆ, 2024ರ ಮೊದಲ ತಿಂಗಳುಗಳಲ್ಲಿ, ಆ ಹಾಡಿನ ಕರಿಮಣಿ ಮಾಲೀಕ ಕನ್ನಡದ ರೀಲ್‌ಗಳಿಗೆಲ್ಲ ಒಮ್ಮೆಲೇ ನುಗ್ಗಿಬಿಟ್ಟ. ಚಿತ್ರ ಬಂದಾಗ ಇನ್ನೂ ಹುಟ್ಟಿರದ ಹುಡುಗ ಹುಡುಗಿಯರು ಕೂಡ ಅದಕ್ಕೆ ತುಟಿ ಆಡಿಸಿದರು. ಊಟದ ವಿಡಿಯೋ, ಪ್ರವಾಸದ ವಿಡಿಯೋ, ಅಂಗಡಿಯ ಜಾಹೀರಾತು ಎಂಬ ಭೇದವಿಲ್ಲದೆ ಅದೇ ಹಾಡು ಕೇಳಿಸುತ್ತಿತ್ತು.

ಹಾಡಿನ ಮಾತು ಏನು ಹೇಳುತ್ತದೆ ಎಂದು ಗಮನಿಸಿದರೆ ಈ ಜನಪ್ರಿಯತೆಯ ಗುಟ್ಟು ಬಯಲಾಗುತ್ತದೆ. ಅದು ನಿರಾಕರಣೆಯ ಹಾಡು. ನಮ್ಮಿಬ್ಬರ ನಡುವೆ ಏನೂ ಇಲ್ಲ, ಇದರ ಒಡೆಯ ನೀನಲ್ಲ ಎನ್ನುವುದು ಅದರ ತಿರುಳು. ಹಾಗಾಗಿ ಯಾವುದನ್ನಾದರೂ ತನ್ನದೆಂದುಕೊಂಡವನಿಗೆ ಅದು ತನ್ನದಲ್ಲ ಎಂದು ಗೊತ್ತಾಗುವ ಸನ್ನಿವೇಶ ಇದ್ದರೆ ಹಾಡು ತಾನಾಗಿ ಕೂಡಿಕೊಳ್ಳುತ್ತದೆ. ಸಂಬಳ ಖಾತೆಗೆ ಬಿದ್ದ ದಿನವೇ ಸಾಲದ ಕಂತಿಗೆ ಕರಗಿಹೋಗುವುದನ್ನು ಇದಕ್ಕೆ ಹೊಂದಿಸಿದರೆ ನೋಡಿದವರು ನಗುತ್ತಾರೆ. ಮನೆಯೊಡೆಯ ತನಗೆಂದು ಹಾಸಿಕೊಂಡ ಚಾಪೆಯ ಮೇಲೆ ಬೆಕ್ಕು ಮಲಗಿ, ಅವನು ಪಕ್ಕದಲ್ಲಿ ನಿಂತಿದ್ದರೂ ನಗುತ್ತಾರೆ. ಆದರೆ ಹೊಸ ಹೋಟೆಲಿನ ಬಿಸಿ ದೋಸೆಯನ್ನು ತೋರಿಸುತ್ತ ಇದೇ ಹಾಡು ಹಾಕಿದರೆ? ದೋಸೆಗೂ ಒಡೆತನದ ನಿರಾಕರಣೆಗೂ ಸಂಬಂಧವಿಲ್ಲ. ಹಾಡು ಒಂದು ಕಡೆ ಎಳೆಯುತ್ತದೆ, ಚಿತ್ರ ಇನ್ನೊಂದು ಕಡೆ ನಿಲ್ಲುತ್ತದೆ, ನೋಡುವವರ ಹೆಬ್ಬೆರಳು ಮುಂದಿನ ರೀಲ್‌ಗೆ ಜಾರುತ್ತದೆ.

ಟಿಕ್‌ಟಾಕ್ ಅನ್ನು ಭಾರತ ಸರ್ಕಾರ ನಿಷೇಧಿಸಿದ್ದು 2020ರ ಜೂನ್ 29ರಂದು. ಮುಂದಿನ ತಿಂಗಳಲ್ಲೇ ಇನ್‌ಸ್ಟಾಗ್ರಾಮ್ ಇಲ್ಲಿ ರೀಲ್ಸ್ ಆರಂಭಿಸಿತು. ಆಗ ಒಂದು ರೀಲ್‌ಗೆ 15 ಸೆಕೆಂಡ್ ಮಿತಿ. ಅಷ್ಟು ಚಿಕ್ಕ ಅವಧಿಯಲ್ಲಿ ಕಥೆ ಕಟ್ಟುವವರಿಗೆ ಸಿದ್ಧ ದನಿಯೊಂದು ದೊಡ್ಡ ಆಸರೆಯಾಯಿತು. ಅವಧಿ 2025ರಲ್ಲಿ ಮೂರು ನಿಮಿಷದವರೆಗೆ ಬೆಳೆದರೂ, ಎರವಲು ದನಿಯ ಮೇಲೆ ರೀಲ್ ಕಟ್ಟುವ ರೂಢಿ ಉಳಿದುಕೊಂಡಿದೆ.

ಓಡುತ್ತಿರುವ ಆಡಿಯೋವನ್ನು ಗುರುತಿಸುವುದು ಸುಲಭ. ರೀಲ್‌ನ ಕೆಳಗೆ ಆಡಿಯೋದ ಹೆಸರಿರುತ್ತದೆ. ಅದು ಜನಪ್ರಿಯತೆಯಲ್ಲಿ ಏರುತ್ತಿದ್ದರೆ ಹೆಸರಿನ ಪಕ್ಕದಲ್ಲಿ ಮೇಲ್ಮುಖವಾದ ಪುಟ್ಟ ಬಾಣ ಕಾಣುತ್ತದೆ. ಹೆಸರನ್ನು ಒತ್ತಿದರೆ ಆ ಆಡಿಯೋದ ಪುಟ ತೆರೆದುಕೊಂಡು, ಅದನ್ನು ಬಳಸಿದ ರೀಲ್‌ಗಳು ಎಷ್ಟು, ಯಾವುವು ಎಂದು ತೋರಿಸುತ್ತದೆ. ಹೆಚ್ಚಿನವರು ಬಾಣ ಕಂಡ ಕೂಡಲೇ ‘ಆಡಿಯೋ ಬಳಸಿ’ ಎಂಬುದನ್ನು ಒತ್ತಿ ಮುಂದೆ ಹೋಗುತ್ತಾರೆ. ಕೆಲಸ ಕೆಡುವುದು ಅಲ್ಲೇ. ಆ ಪುಟ ಇರುವುದು ನಿಂತು ನೋಡುವುದಕ್ಕೆ.

ಹೀಗೇಕೆ ಎನ್ನುವುದಕ್ಕೆ ಇನ್‌ಸ್ಟಾಗ್ರಾಮಿನ ಮುಖ್ಯಸ್ಥ ಆಡಮ್ ಮೊಸ್ಸೇರಿ 2021ರ ಜೂನ್‌ನಲ್ಲಿ ಬರೆದ ವಿವರಣೆಯಲ್ಲಿ ಒಂದು ಸುಳಿವಿದೆ. ರೀಲ್ ಒಂದನ್ನು ಯಾರಿಗೆ ತೋರಿಸಬೇಕು ಎಂದು ತೀರ್ಮಾನಿಸುವಾಗ ಆ್ಯಪ್ ಕೆಲವು ಊಹೆಗಳನ್ನು ಮಾಡುತ್ತದೆ: ಈ ವ್ಯಕ್ತಿ ಅದನ್ನು ಕೊನೆಯವರೆಗೆ ನೋಡುತ್ತಾರೆಯೇ, ಮೆಚ್ಚುತ್ತಾರೆಯೇ, ಮತ್ತು ಅದರ ಆಡಿಯೋ ಪುಟಕ್ಕೆ ಹೋಗುತ್ತಾರೆಯೇ. ಆಡಿಯೋ ಪುಟಕ್ಕೆ ಹೋಗುವವರು ತಾವೂ ಅಂಥದೊಂದು ರೀಲ್ ಮಾಡುವ ಹುರುಪಿನಲ್ಲಿರಬಹುದು ಎಂಬುದು ಅಲ್ಲಿನ ತರ್ಕ. ಓಡುವ ಆಡಿಯೋಗೆ ಬೆಲೆ ಬಂದಿರುವುದು ಇದರಿಂದ. ಆದರೆ ಮೊದಲ ಊಹೆಯನ್ನು ಮರೆಯುವ ಹಾಗಿಲ್ಲ. ಮೂರನೇ ಸೆಕೆಂಡಿಗೇ ಜನ ಎದ್ದುಹೋಗುವ ರೀಲ್‌ಗೆ ಎಂಥ ಆಡಿಯೋ ಹಾಕಿದರೂ ಅದು ಮುಂದಕ್ಕೆ ಹೋಗುವುದಿಲ್ಲ. ಹೊಂದದ ದನಿ ನೋಡುವವರನ್ನು ಕರೆತಂದು ತಾನೇ ಓಡಿಸಿಬಿಡುತ್ತದೆ.

ಆಡಿಯೋ ಪುಟದಲ್ಲಿ ಮೊದಲ ಹತ್ತು ಹನ್ನೆರಡು ರೀಲ್‌ಗಳನ್ನು ಸಾಲಾಗಿ ನೋಡಿದರೆ ಅವುಗಳಲ್ಲಿ ಒಂದು ಸಮಾನ ನಡೆ ಕಾಣುತ್ತದೆ. ಕೆಲವು ಆಡಿಯೋಗಳು ‘ಮೊದಲು ಹೀಗಿತ್ತು, ಆಮೇಲೆ ಹೀಗಾಯಿತು’ ಎಂಬ ನಡೆಯವು: ನಾಲ್ಕೋ ಐದೋ ಸೆಕೆಂಡ್ ಸದ್ದು ತಗ್ಗಿರುತ್ತದೆ, ಆಮೇಲೆ ಮದ್ದಳೆಯೋ ಡ್ರಮ್ಮೋ ಒಮ್ಮೆಲೇ ಬೀಳುತ್ತದೆ, ಅದೇ ಗಳಿಗೆಯಲ್ಲಿ ಚಿತ್ರ ಬದಲಾಗುತ್ತದೆ. ಇನ್ನು ಕೆಲವು ಸಂಭಾಷಣೆಯವು: ಒಬ್ಬರು ಪ್ರಶ್ನೆ ಕೇಳುತ್ತಾರೆ, ಇನ್ನೊಬ್ಬರ ಉತ್ತರದಲ್ಲಿ ನಗು ಇರುತ್ತದೆ. ಮತ್ತೆ ಕೆಲವಕ್ಕೆ ತಿರುವೇ ಇಲ್ಲ, ಮಳೆಗೋ ಹಳೆಯ ಫೋಟೋಗೋ ಹಿನ್ನೆಲೆಯಾಗಿ ಹರಿಯುತ್ತವೆ. ಅದೇ ಆಡಿಯೋವನ್ನು ಆಗಲೇ ಐದಾರು ಸಲ ಕೇಳಿರುವವರ ಕಿವಿ ಆ ತಿರುವಿಗಾಗಿ ಕಾಯುತ್ತಿರುತ್ತದೆ. ಡ್ರಮ್ ಬಿದ್ದಾಗ ಚಿತ್ರದಲ್ಲಿ ಏನೂ ಆಗದಿದ್ದರೆ ಅವರಿಗೆ ಮೋಸಹೋದಂತಾಗುತ್ತದೆ. ಆದ್ದರಿಂದ ಆಡಿಯೋ ಆರಿಸುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ದನಿ ತಿರುಗುವ ಸೆಕೆಂಡಿನಲ್ಲಿ ನನ್ನ ಚಿತ್ರದಲ್ಲಿ ತಿರುಗುವಂಥದ್ದು ಏನಿದೆ?

ಇಳಕಲ್ಲಿನ ಒಂದು ನೇಕಾರರ ಮನೆಯನ್ನು ಕಲ್ಪಿಸಿಕೊಳ್ಳೋಣ. ಅಪ್ಪ ಗುಂಡಿಮಗ್ಗದಲ್ಲಿ ಕೂತಿದ್ದಾನೆ, ಮಗಳ ಕೈಯಲ್ಲಿ ಫೋನಿದೆ. ಇಳಕಲ್ ಸೀರೆಯನ್ನು ಬೇರೆ ಸೀರೆಗಳಿಂದ ಬೇರೆ ಮಾಡುವ ಕೆಲಸವೊಂದನ್ನು 40 ಸೆಕೆಂಡಿನಲ್ಲಿ ತೋರಿಸಬೇಕೆಂದು ಅವಳ ಆಸೆ. ಸೀರೆಯ ಒಡಲಿನ ಹಾಸು ಸಾಮಾನ್ಯವಾಗಿ ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡೂ ಬೇರೆ ಬೇರೆ ಹಾಸುಗಳು. ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕುಣಿಕೆ ಕುಣಿಕೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಹೀಗಾಗಿ ಪ್ರತಿ ಸೀರೆಗೂ ಹಾಸನ್ನು ಹೊಸದಾಗಿ ಅಣಿ ಮಾಡಬೇಕು. ಟೋಪಿ ತೆನಿ ಎಂದು ಹೆಸರಾದ ಈ ಕೆಲಸ ನಿಧಾನದ್ದು, ತಾಳ್ಮೆಯದ್ದು. ಕೆಂಪು ಸೆರಗಿನ ಮೇಲೆ ಜೋಳದ ತೆನೆಯಂಥ ಬಿಳಿ ಚಿತ್ತಾರ ಮೂಡುವುದು ಅದಾದ ಮೇಲೆ.

ಮಗಳ ಬಳಿ ಏಳು ತುಣುಕುಗಳಿವೆ: ಹಾಸಿನ ಎಳೆಗಳ ಹತ್ತಿರದ ನೋಟ, ಕೊಂಡಿ ಹಾಕುವ ಬೆರಳು, ತುಳಿಯುವ ಕಾಲು, ಓಡುವ ಲಾಳಿ, ಬಡಿಯುವ ಹಲಗೆ, ಕೆಂಪು ಸೆರಗು ಮೂಡುವ ಹೊತ್ತು, ಕೊನೆಗೆ ಬಿಚ್ಚಿದ ಸೀರೆ. ಹುಡುಕಿದಾಗ ಅವಳಿಗೆ ಬಾಣದ ಗುರುತಿನ ಮೂರು ಆಡಿಯೋ ಸಿಗುತ್ತವೆ ಎನ್ನೋಣ. ಮೊದಲನೆಯದು ಮದುವೆ ಮನೆಯ ವೇಗದ ಹಾಡು. ಅದನ್ನು ಹಾಕಿ ನೋಡುತ್ತಾಳೆ. ಹಾಡಿನ ತಾಳ ಒಂದು ಲೆಕ್ಕದಲ್ಲಿ ಓಡುತ್ತದೆ, ಮಗ್ಗದ ಬಡಿತ ಇನ್ನೊಂದು ಲೆಕ್ಕದಲ್ಲಿ. ಎಳೆ ಹರಿದಾಗ ಅಪ್ಪ ನಿಲ್ಲಿಸುತ್ತಾನೆ, ಗಂಟು ಹಾಕಿ ಮತ್ತೆ ಶುರು ಮಾಡುತ್ತಾನೆ. ಹಾಡಿಗೆ ಆ ವ್ಯವಧಾನವಿಲ್ಲ. ಅದಕ್ಕೆ ಸರಿಹೊಂದಿಸಲು ತುಣುಕುಗಳನ್ನು ಅರ್ಧ ಅರ್ಧ ಸೆಕೆಂಡಿಗೆ ಕತ್ತರಿಸಿದರೆ ಕೊಂಡಿ ಹಾಕುವ ಕೆಲಸ ಯಾರಿಗೂ ಅರ್ಥವಾಗುವುದಿಲ್ಲ. ಅಪ್ಪ ಅದನ್ನು ನೋಡಿ, ‘ಯವ್ವಾ, ಇದರಾಗ ನಮ್ಮ ಮಗ್ಗದ ಸಪ್ಪಳನ ಇಲ್ಲಲ್ಲ’ ಎನ್ನುತ್ತಾನೆ. ರೀಲ್‌ನ ಕೊರತೆ ಅವನ ಒಂದೇ ಮಾತಿನಲ್ಲಿ ಸಿಕ್ಕಿಬಿಟ್ಟಿದೆ.

ಎರಡನೆಯದು ಯಾವುದೋ ಚಿತ್ರದ ನಗೆಮಾತು. ಓಡುತ್ತಿದೆ ನಿಜ, ಆದರೆ ಅಪ್ಪನ ದುಡಿಮೆಯ ಮೇಲೆ ಅದನ್ನು ಹಾಕಿದರೆ ನಗು ಅಪ್ಪನ ಮೇಲೆಯೇ ಬೀಳುತ್ತದೆ. ಅದನ್ನು ಬಿಡಲು ಅವಳಿಗೆ ಎರಡನೇ ಯೋಚನೆ ಬೇಕಾಗುವುದಿಲ್ಲ. ಮೂರನೆಯದು ತಿರುವಿನ ಆಡಿಯೋ: ಐದನೇ ಸೆಕೆಂಡಿಗೆ ಸದ್ದು ಬಿರಿಯುತ್ತದೆ. ಇದು ಸುಳ್ಳಲ್ಲ, ಇವಳ ಬಳಿ ನಿಜವಾದ ತಿರುವು ಇದೆ. ಬಿಡಿ ಎಳೆಗಳು ಬಿಚ್ಚಿದ ಸೀರೆಯಾಗುವ ತಿರುವು ಅದು. ಆದರೆ ಅದಕ್ಕೆ ಏಳು ತುಣುಕು ಬೇಡ, ಎರಡೇ ಸಾಕು. ಹಾಗಾಗಿ ಅವಳು ಅದನ್ನು ಉಳಿಸಿಟ್ಟುಕೊಂಡು ಎಂಟು ಸೆಕೆಂಡಿನ ಬೇರೊಂದು ರೀಲ್ ಮಾಡುತ್ತಾಳೆ: ಮೊದಲ ಐದು ಸೆಕೆಂಡ್ ಹಾಸಿನ ಎಳೆ, ಸದ್ದು ಬಿರಿಯುವ ಗಳಿಗೆಯಲ್ಲಿ ಗಾಳಿಯಲ್ಲಿ ಹರಡಿಕೊಳ್ಳುವ ಕೆಂಪು ಸೆರಗು. ಇಲ್ಲಿ ಆಡಿಯೋ ಮತ್ತು ವಸ್ತು ಒಂದೇ ಕಡೆ ನಡೆಯುತ್ತವೆ.

ನಲವತ್ತು ಸೆಕೆಂಡಿನ ಮುಖ್ಯ ರೀಲ್‌ಗೆ ಅವಳು ಮಗ್ಗದ ಸದ್ದನ್ನೇ ಇಟ್ಟುಕೊಳ್ಳುತ್ತಾಳೆ. ಲಾಳಿ ಓಡುವ, ಹಲಗೆ ಬಡಿಯುವ ಸದ್ದಿಗೆ ತನ್ನದೇ ಲಯವಿದೆ. ತುಣುಕುಗಳನ್ನು ಆ ಬಡಿತಕ್ಕೆ ಸರಿಯಾಗಿ ಕತ್ತರಿಸಬಹುದು. ಮೇಲೆ ಅಪ್ಪನ ಎರಡು ಮಾತು. ಮಾತಿನ ಕೆಳಗೆ ಹಿನ್ನೆಲೆ ಬೇಕೆನಿಸಿದರೆ ಆ್ಯಪಿನಲ್ಲೇ ಕ್ಯಾಮೆರಾದ ದನಿಯನ್ನೂ ಸಂಗೀತದ ದನಿಯನ್ನೂ ಬೇರೆ ಬೇರೆಯಾಗಿ ಏರಿಸಿ ಇಳಿಸಬಹುದು. ಮಾತು ತುಂಬಿರುವಾಗ ಸಂಗೀತ ನೂರಕ್ಕೆ ಹತ್ತು ಹದಿನೈದರ ಆಸುಪಾಸಿನಲ್ಲಿದ್ದರೆ ಕೇಳುವವರಿಗೆ ತೊಡಕಾಗದು. ಅದನ್ನು ಸೊನ್ನೆಗೆ ಇಳಿಸಿ, ಹೆಸರಿಗಷ್ಟೇ ಓಡುವ ಆಡಿಯೋ ಅಂಟಿಸುವ ಚಾಳಿ ಹಲವರಲ್ಲಿದೆ. ಕಿವಿಗೆ ಬೀಳದ ಹಾಡನ್ನು ಮೆಚ್ಚಿ ಆಡಿಯೋ ಪುಟಕ್ಕೆ ಹೋಗುವವರು ಯಾರು? ಆ ಪುಟದಿಂದ ಇಲ್ಲಿಗೆ ಬಂದವರಿಗಾದರೂ ಹುಡುಕಿದ ಹಾಡು ಕೇಳಿಸದೆ ಗೊಂದಲವೇ ಆಗುತ್ತದೆ.

ಹೀಗೆ ಸ್ವಂತ ಸದ್ದು ಇಟ್ಟಾಗ ರೀಲ್‌ನ ಕೆಳಗೆ ‘ಒರಿಜಿನಲ್ ಆಡಿಯೋ’ ಎಂದು ಬರುತ್ತದೆ. ಆ ಹೆಸರನ್ನು ಒಂದು ಸಲ ಬದಲಿಸಲು ಅವಕಾಶವಿದೆ. ‘ಇಳಕಲ್ ಮಗ್ಗದ ಸದ್ದು’ ಎಂದು ಅವಳು ಹೆಸರಿಟ್ಟರೆ, ಗುಳೇದಗುಡ್ಡದಲ್ಲೋ ಬೇರೆಲ್ಲೋ ಇರುವ ಇನ್ನೊಬ್ಬರು ಅದನ್ನು ತಮ್ಮ ರೀಲ್‌ಗೆ ಎತ್ತಿಕೊಳ್ಳಬಹುದು.

ಆಡಿಯೋ ಹೊಂದುವುದೆಂದರೆ ತಾಳ ಹೊಂದುವುದಷ್ಟೇ ಆಗಿದ್ದರೆ ಮಾತು ಇಲ್ಲಿಗೇ ಮುಗಿಯುತ್ತಿತ್ತು. ಕೆಲವು ದನಿಗಳಿಗೆ ಹಿಂದೆ ಒಂದು ಲೋಕವೇ ಇರುತ್ತದೆ. 2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ತೆರೆಕಂಡ ಮೇಲೆ ಅಜನೀಶ್ ಲೋಕನಾಥ್ ಸಂಗೀತದ ‘ವರಾಹ ರೂಪಂ’ ನಾಡಿನಾಚೆಗೂ ಹಬ್ಬಿತು. ಕೋಲದ ದೃಶ್ಯ, ದೈವಸ್ಥಾನದ ದೀಪ, ಕಾಡಿನ ಹಿನ್ನೆಲೆ ಇದ್ದ ರೀಲ್‌ಗಳಿಗೆ ಅದು ಸಹಜವಾಗಿ ಕೂಡಿತು. ಆದರೆ ಹೊಸ ಬೈಕು ಶೋರೂಮಿನಿಂದ ಹೊರಬರುವುದಕ್ಕೋ ವ್ಯಾಯಾಮಶಾಲೆಯ ತೋಳುಬಲಕ್ಕೋ ಅದನ್ನು ಹಾಕಿದರೆ, ಸದ್ದು ಎಷ್ಟು ಗಂಭೀರವಾಗಿದ್ದರೂ, ತುಳುನಾಡಿನಲ್ಲಿ ದೈವವನ್ನು ನಂಬಿ ಬದುಕುವವರ ಮನಸ್ಸಿಗೆ ಚುಚ್ಚುತ್ತದೆ. 2025ರಲ್ಲಿ ‘ಕಾಂತಾರ: ಅಧ್ಯಾಯ 1’ ಬಂದಾಗ ಚಿತ್ರಮಂದಿರ ಮತ್ತು ಸಾರ್ವಜನಿಕ ಜಾಗಗಳಲ್ಲಿ ಕೆಲವರು ದೈವವನ್ನು ಅನುಕರಿಸತೊಡಗಿದರು. ನಿರ್ಮಾಣ ಸಂಸ್ಥೆ ಹೊಂಬಾಳೆ ಫಿಲ್ಮ್ಸ್ ಹಾಗೆ ಮಾಡಬೇಡಿ ಎಂದು ಬಹಿರಂಗವಾಗಿಯೇ ವಿನಂತಿಸಬೇಕಾಯಿತು. ಓಟದ ಲೆಕ್ಕಕ್ಕಾಗಿ ಇಂಥ ದನಿಯನ್ನು ಎತ್ತಿಕೊಳ್ಳುವ ಮೊದಲು ಅದು ಯಾರ ನಂಬಿಕೆಯಿಂದ ಬಂದದ್ದು ಎಂದು ಕೇಳಿಕೊಳ್ಳುವುದು ರೀಲ್ ಮಾಡುವವರ ಕರ್ತವ್ಯದಲ್ಲೇ ಸೇರಿದೆ.

‘ವರಾಹ ರೂಪಂ’ ಹಾಡು ಇನ್ನೊಂದು ವಿಷಯವನ್ನೂ ತೋರಿಸಿಕೊಟ್ಟಿತು. ಅದು ತಮ್ಮ ‘ನವರಸಂ’ ಹಾಡನ್ನು ಹೋಲುತ್ತದೆ ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ನ್ಯಾಯಾಲಯಕ್ಕೆ ಹೋಯಿತು. 2022ರ ಅಕ್ಟೋಬರ್‌ನಲ್ಲಿ ಕೋಯಿಕ್ಕೋಡಿನ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಸ್ವಲ್ಪ ದಿನಗಳಲ್ಲಿ ಯೂಟ್ಯೂಬಿನಿಂದ ಹಾಡು ಇಳಿಯಿತು. ನವೆಂಬರ್‌ನಲ್ಲಿ ಚಿತ್ರ ಒಟಿಟಿಗೆ ಬಂದಾಗ ಹಾಡು ಬೇರೆ ಧಾಟಿಯಲ್ಲಿತ್ತು. ಆಮೇಲೆ ಮೂಲ ಹಾಡು ಮರಳಿತು. ಆಡಿಯೋವೊಂದು ಹಕ್ಕಿನ ಕಾರಣಕ್ಕೆ ಹಿಂದೆ ಸರಿದರೆ ಅದನ್ನು ನಂಬಿಕೊಂಡ ರೀಲ್‌ಗಳು ಮೂಕವಾಗುತ್ತವೆ. ಹಾಡಿನ ತಾಳವೇ ಆಧಾರವಾಗಿದ್ದ ರೀಲ್ ಆಗ ಕೈಕಾಲು ಆಡಿಸುವ ಚಿತ್ರವಾಗಿ ಉಳಿಯುತ್ತದೆ. ಮಗ್ಗದ ಸದ್ದಿಗೆ ಆ ಭಯವಿಲ್ಲ. ಇಳಕಲ್ಲಿನ ಆ ಮನೆ ಸೀರೆ ಮಾರಲು ಬಿಸಿನೆಸ್ ಖಾತೆ ತೆರೆದಿದ್ದರೆ ಇದು ಇನ್ನೂ ಮುಖ್ಯ. ಅಂಥ ಖಾತೆಗಳಿಗೆ ಸಿನಿಮಾ ಹಾಡುಗಳು ಹಲವು ಬಾರಿ ಸಿಗುವುದೇ ಇಲ್ಲ. ಮೆಟಾ ಸಂಸ್ಥೆಯೇ ಕೊಡುವ, ಹಕ್ಕಿನ ತಕರಾರಿಲ್ಲದ ಸಂಗೀತದ ಸಂಗ್ರಹದಿಂದ ಆರಿಸಿಕೊಳ್ಳಬೇಕಾಗುತ್ತದೆ.

ಇನ್ನು ಹ್ಯಾಶ್‌ಟ್ಯಾಗ್. 2007ರ ಆಗಸ್ಟ್ 23ರಂದು ಕ್ರಿಸ್ ಮೆಸ್ಸಿನಾ ಎಂಬವರು ಟ್ವಿಟರಿನಲ್ಲಿ, ಒಂದೇ ವಿಷಯದ ಮಾತುಗಳನ್ನು ಒಟ್ಟುಗೂಡಿಸಲು # ಚಿಹ್ನೆ ಬಳಸಿದರೆ ಹೇಗೆ ಎಂದು ಕೇಳಿದರು. ಅದರ ಮೂಲ ಕೆಲಸ ಇದು: ಹುಡುಕುವವರಿಗೆ ದಾರಿ ತೋರಿಸುವುದು. ಈ ಕೆಲಸವನ್ನು ಕೆಡಿಸಿದರೆ ಏನಾಗುತ್ತದೆ ಎಂಬುದನ್ನು ಇನ್‌ಸ್ಟಾಗ್ರಾಮ್ 2020ರ ಜೂನ್ 2ರಂದು ಕಂಡಿತು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತ ಮೇಲೆ ಪ್ರತಿಭಟನೆಗಳು ಎದ್ದಿದ್ದವು. ಸಂಗೀತೋದ್ಯಮದಲ್ಲಿದ್ದ ಜಮೀಲಾ ಥಾಮಸ್ ಮತ್ತು ಬ್ರಿಯಾನಾ ಅಗ್ಯೆಮಾಂಗ್ ಎಂಬ ಇಬ್ಬರು ಮಹಿಳೆಯರು ಒಂದು ದಿನ ಉದ್ಯಮದ ಕೆಲಸ ನಿಲ್ಲಿಸಲು #TheShowMustBePaused ಎಂದು ಕರೆ ಕೊಟ್ಟರು. ಅದು ಹರಡುತ್ತ ಹರಡುತ್ತ #BlackoutTuesday ಆಗಿ, ಜನರು ಕಪ್ಪು ಚೌಕಗಳನ್ನು ಹಾಕತೊಡಗಿದರು. ಅವರಲ್ಲಿ ಬಹಳಷ್ಟು ಮಂದಿ ಅದರ ಜೊತೆಗೆ #BlackLivesMatter ಎಂದೂ ಸೇರಿಸಿದರು.

ಎಲ್ಲರ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಆ ಹ್ಯಾಶ್‌ಟ್ಯಾಗ್‌ನ ಪುಟ ಅಂದು ಬೀದಿಗಿಳಿದವರ ಮಾಹಿತಿಯ ಕೊಂಡಿಯಾಗಿತ್ತು: ಎಲ್ಲಿ ಸೇರುವುದು, ಬಂಧನಕ್ಕೊಳಗಾದವರಿಗೆ ನೆರವು ಎಲ್ಲಿ, ಪೊಲೀಸರ ನಡವಳಿಕೆಯ ವಿಡಿಯೋ ಯಾವುದು. ಕಪ್ಪು ಚೌಕಗಳು ಅದನ್ನೆಲ್ಲ ಕೆಳಗೆ ತಳ್ಳಿದವು. ಹುಡುಕಿದವರಿಗೆ ಪರದೆ ತುಂಬ ಕಪ್ಪು ಬಣ್ಣವಷ್ಟೇ. ದಯವಿಟ್ಟು ಆ ಹ್ಯಾಶ್‌ಟ್ಯಾಗ್ ತೆಗೆಯಿರಿ ಎಂದು ಹೋರಾಟಗಾರರೇ ಬೇಡಿಕೊಳ್ಳಬೇಕಾಯಿತು. ವಿಷಯಕ್ಕೆ ಹತ್ತಿರವೇ ಇದ್ದ ಚಿತ್ರ ಕೂಡ, ಆ ಪುಟಕ್ಕೆ ಬಂದವರು ಹುಡುಕುತ್ತಿದ್ದುದನ್ನು ಕೊಡದಿದ್ದಾಗ, ಅಡ್ಡಿಯಾಗಿ ನಿಂತಿತು.

ಅರ್ಥವನ್ನೇ ನೋಡದೆ ಬಳಸಿದ ಪ್ರಸಂಗವೂ ಇದೆ. 2014ರ ಸೆಪ್ಟೆಂಬರ್‌ನಲ್ಲಿ ಟ್ವಿಟರಿನಲ್ಲಿ #WhyIStayed ಏರುತ್ತಿತ್ತು. ಹೊಡೆಯುವ ಗಂಡನ ಜೊತೆ ತಾವೇಕೆ ಉಳಿದೆವು ಎಂದು ಹೆಣ್ಣುಮಕ್ಕಳು ಅಲ್ಲಿ ಹೇಳಿಕೊಳ್ಳುತ್ತಿದ್ದರು. ಅಮೆರಿಕದ ಡಿಜಿಯೊರ್ನೊ ಎಂಬ ಪಿಜ್ಜಾ ಕಂಪನಿ ಅದರ ಮುಂದೆ ‘ನಿನ್ನ ಹತ್ತಿರ ಪಿಜ್ಜಾ ಇತ್ತು’ ಎಂಬರ್ಥದ ಮಾತು ಸೇರಿಸಿತು. ಜನ ಸಿಟ್ಟಿಗೆದ್ದ ಕೂಡಲೇ ಅದನ್ನು ಅಳಿಸಿ, ಹ್ಯಾಶ್‌ಟ್ಯಾಗ್ ಯಾವುದರ ಬಗ್ಗೆ ಎಂದು ಓದದೆ ಹಾಕಿದೆವು ಎಂದು ಕ್ಷಮೆ ಕೇಳಿತು. ಆ ಪುಟ ತೆರೆದು ಮೇಲಿನ ನಾಲ್ಕು ಬರಹ ಓದಿದ್ದರೆ ಈ ಅವಮಾನ ಆಗುತ್ತಿರಲಿಲ್ಲ.

ಇಷ್ಟಾಗಿಯೂ ರೀಲ್‌ಗಳ ಕೆಳಗೆ #viral, #trending, #fyp ಎಂಬ ಸಾಲು ಕಾಣುತ್ತಲೇ ಇರುತ್ತದೆ. ಅವು ರೀಲ್‌ನಲ್ಲಿ ಏನಿದೆ ಎಂದು ಯಾರಿಗೂ ಹೇಳುವುದಿಲ್ಲ. ಇನ್‌ಸ್ಟಾಗ್ರಾಮಿನ ಕ್ರಿಯೇಟರ್ಸ್ ಖಾತೆ 2021ರಲ್ಲೇ 3ರಿಂದ 5 ಹ್ಯಾಶ್‌ಟ್ಯಾಗ್ ಸಾಕು, ಅವು ವಿಷಯಕ್ಕೆ ಸಂಬಂಧಪಟ್ಟಿರಲಿ ಎಂದು ಸಲಹೆ ಕೊಟ್ಟಿತ್ತು. ಹ್ಯಾಶ್‌ಟ್ಯಾಗ್‌ಗಳಿಂದ ತಲುಪುವ ಜನರ ಸಂಖ್ಯೆ ಹೆಚ್ಚೇನೂ ಏರುವುದಿಲ್ಲ ಎಂದು ಮೊಸ್ಸೇರಿ ಹಲವು ಸಲ ಹೇಳಿದ್ದಾರೆ. ಹ್ಯಾಶ್‌ಟ್ಯಾಗ್ ಅನ್ನು ಫಾಲೋ ಮಾಡುವ ಸೌಲಭ್ಯವನ್ನೇ 2024ರ ಡಿಸೆಂಬರ್‌ನಲ್ಲಿ ತೆಗೆದುಹಾಕಲಾಯಿತು. ಉಳಿದಿರುವುದು ಗುರುತು ಹಚ್ಚುವ ಮತ್ತು ಹುಡುಕಾಟಕ್ಕೆ ಸಿಗುವ ಕೆಲಸ.

ಇಳಕಲ್ಲಿನ ಮಗಳು ಹಾಗಾದರೆ ಏನು ಬರೆಯುತ್ತಾಳೆ? #ilkalsaree ಬೇಕು, ಸೀರೆ ಹುಡುಕುವವರು ಅದನ್ನೇ ಟೈಪಿಸುತ್ತಾರೆ. #handloom ಬೇಕು, ಏಕೆಂದರೆ ರೀಲ್‌ನಲ್ಲಿ ಕೈಮಗ್ಗವೇ ಇದೆ. ಕನ್ನಡದಲ್ಲಿ #ಇಳಕಲ್_ಸೀರೆ ಬೇಕು, ನಡುವಿನ ಅಡಿಗೆರೆ ಬಿಟ್ಟು ಜಾಗ ಕೊಟ್ಟರೆ ಇಳಕಲ್ ಎಂಬಲ್ಲಿಗೇ ಹ್ಯಾಶ್‌ಟ್ಯಾಗ್ ಕಡಿದುಹೋಗಿ, ಊರಿನ ಬಸ್ ನಿಲ್ದಾಣದ ಫೋಟೋಗಳ ನಡುವೆ ಸೀರೆ ಸೇರಿಕೊಳ್ಳುತ್ತದೆ. ನಾಲ್ಕನೆಯದಾಗಿ ಕಸೂತಿಯನ್ನು ಸೇರಿಸಲೇ ಎಂಬ ಆಸೆ ಬರಬಹುದು, ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವ ರೂಢಿ ಇದೆಯಲ್ಲ. ಆದರೆ ಕಸೂತಿ ಸೂಜಿಯ ಕೆಲಸ. ಈ ರೀಲ್‌ನಲ್ಲಿ ಸೂಜಿಯೇ ಇಲ್ಲ. ಕಸೂತಿ ಹೊಲಿಗೆ ಕಲಿಯಲು ಬಂದವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಅದು ಕಸೂತಿಯ ರೀಲ್ ಮಾಡುವ ದಿನಕ್ಕೆ ಇರಲಿ. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. ಆ ದಿನ #NationalHandloomDay ಏರುವಾಗ ಇದೇ ರೀಲ್‌ಗೆ ಅದು ಸಲ್ಲುತ್ತದೆ. ಅದೇ ವಾರ ಏರುತ್ತಿರುವ ಕ್ರಿಕೆಟ್ ಪಂದ್ಯದ ಹ್ಯಾಶ್‌ಟ್ಯಾಗ್ ಸಲ್ಲುವುದಿಲ್ಲ.

ಆಯ್ಕೆ ಸರಿಯಾಯಿತೇ ಎಂದು ತಿಳಿಯಲು ರೀಲ್‌ನ ಇನ್‌ಸೈಟ್ಸ್ ನೋಡಬೇಕು. ವೀಕ್ಷಣೆಯ ಸಂಖ್ಯೆಯ ಮೇಲೆ ಮೊದಲು ಕಣ್ಣು ಹೋಗುವುದು ಸಹಜ, ಆದರೆ ಇಲ್ಲಿ ಉಪಯೋಗಕ್ಕೆ ಬರುವುದು ಸರಾಸರಿ ಎಷ್ಟು ಸೆಕೆಂಡ್ ನೋಡಿದರು ಎಂಬ ಲೆಕ್ಕ. ವೀಕ್ಷಣೆ ದೊಡ್ಡದಾಗಿದ್ದು ಸರಾಸರಿ ಎರಡು ಮೂರು ಸೆಕೆಂಡಿಗೆ ನಿಂತಿದ್ದರೆ, ಆಡಿಯೋ ಕರೆತಂದವರು ಬೇರೆ ಯಾವುದನ್ನೋ ಹುಡುಕಿಕೊಂಡು ಬಂದವರು ಎಂದು ಅನುಮಾನಿಸಬಹುದು. ನೋಡುಗರು ಎಲ್ಲಿ ಬಿಟ್ಟುಹೋದರು ಎಂಬ ಗೆರೆಚಿತ್ರ ಇದ್ದರೆ, ದನಿ ತಿರುಗುವ ಸೆಕೆಂಡಿನ ಮೇಲೆ ಬೆರಳಿಡಬೇಕು. ಗೆರೆ ಅಲ್ಲೇ ಕುಸಿದಿದ್ದರೆ ತಿರುವಿಗೆ ತಕ್ಕ ಚಿತ್ರ ಸಿಗಲಿಲ್ಲ. ಮೊದಲ ಸೆಕೆಂಡಿನಲ್ಲೇ ಕುಸಿದಿದ್ದರೆ ಆಡಿಯೋವನ್ನು ದೂರುವುದು ಸರಿಯಲ್ಲ, ಮೊದಲ ಚಿತ್ರವೇ ಹಿಡಿದಿಡಲಿಲ್ಲ. ಬಂದ ಟಿಪ್ಪಣಿಗಳೂ ಮಾತಾಡುತ್ತವೆ: ‘ಈ ಹಾಡು ಯಾವ ಸಿನಿಮಾದ್ದು’ ಎಂದು ಎಲ್ಲರೂ ಕೇಳಿ, ಸೀರೆಯ ಬೆಲೆ ಒಬ್ಬರೂ ಕೇಳದಿದ್ದರೆ ಹಾಡು ಸೀರೆಯನ್ನು ಮರೆಮಾಡಿದೆ.

ತಿರುವಿನ ಆಡಿಯೋದ ಇಂಥ ಎಂಟು ಸೆಕೆಂಡಿನ ರೀಲ್ ಅನ್ನು ಮುಂದಿನ ಸೀರೆಗೂ ಮಾಡಹೊರಟರೆ ಒಂದು ತೊಂದರೆ ಇದೆ. ಸೀರೆ ಮಗ್ಗದಿಂದ ಇಳಿಯುವುದು ದಿನಗಳ ಕೆಲಸ, ಅಷ್ಟರಲ್ಲಿ ಆಡಿಯೋದ ಪಕ್ಕದ ಬಾಣ ಮಾಯವಾಗಿರಬಹುದು. ಹಾಗೆಂದು ಹಳೆಯ ಸೀರೆಯೊಂದನ್ನು ತಂದು, ಮಗ್ಗದ ಮೇಲಿನ ಎಳೆಗಳಿಂದಲೇ ಅದು ಬಂತು ಎಂದು ತೋರಿಸುವ ಅಗತ್ಯವಿಲ್ಲ. ಆಡಿಯೋವನ್ನು ಉಳಿಸಿಟ್ಟುಕೊಂಡು, ಎಳೆಗಳ ತುಣುಕನ್ನು ಇಂದೇ ತೆಗೆದಿಟ್ಟು, ಸೆರಗು ಮುಗಿದ ದಿನ ಎರಡನ್ನೂ ಕೂಡಿಸಿದರಾಯಿತು. ಬಾಣ ಹೋಗಿದ್ದರೂ ಐದನೇ ಸೆಕೆಂಡಿನ ಸದ್ದು ಹಾಗೇ ಇರುತ್ತದೆ, ಕೆಂಪು ಸೆರಗು ಅದಕ್ಕೆ ಸರಿಯಾಗಿಯೇ ಬಿಚ್ಚಿಕೊಳ್ಳುತ್ತದೆ.